ಅದೇ ಸೂಜಿ, ಬೇರೆ ನಾಯಿ

ಚಳ್ಳಕೆರೆ ಕಡೆ ನಮ್ಮ ದೊಡ್ಡಪ್ಪನ ರೊಪ್ಪದಲ್ಲಿ ಕುರಿಗಳಿಗೆ ಜಂತಿನ ಇಂಜೆಕ್ಷನ್ ಹಾಕುವ ದಿನ ನಾಯಿಗೂ ಒಂದು ಸೂಜಿ ಬೀಳುತ್ತದೆ. ಕುರಿಗಳೆಲ್ಲ ಮುಗಿದ ಮೇಲೆ ದೊಡ್ಡಪ್ಪ ಕರಿಯನ ಹೆಗಲ ಚರ್ಮ ಎತ್ತಿ ಹಿಡಿದು ಅರ್ಧ ಎಂಎಲ್ ಚುಚ್ಚುತ್ತಾರೆ. ಕರಿಯ ಒಮ್ಮೆ ಕುಂಯ್ ಎಂದು ಮೈ ಕೊಡವಿ ಹೋಗುತ್ತಾನೆ. ವಾರದೊಳಗೆ ಕಜ್ಜಿ ಒಣಗುತ್ತದೆ. ಅವನಪ್ಪನಿಗೂ ಹೀಗೇ ಹಾಕಿದ್ದರಂತೆ.

ಆ ಔಷಧದ ಹೆಸರು ಐವರ್‌ಮೆಕ್ಟಿನ್. ಜಪಾನಿನ ಮಣ್ಣಿನಲ್ಲಿ ಸಾತೋಶಿ ಓಮುರಾ ಹುಡುಕಿದ ಒಂದು ಬ್ಯಾಕ್ಟೀರಿಯಾದಿಂದ ಬಂದದ್ದು. ಅದಕ್ಕಾಗಿ ಅವರಿಗೂ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೂ 2015ರಲ್ಲಿ ನೊಬೆಲ್ ಬಂತು. ನಾನು ಪಿಎಚ್.ಡಿ.ಗೆ ಓದುತ್ತಿರುವುದು ಕುರಿಯ ಹೊಟ್ಟೆಯ ಜಂತುಗಳು ಇಂಥ ಔಷಧಗಳಿಗೆ ಜಗ್ಗದೆ ಹೋಗುವುದರ ಬಗ್ಗೆ. ಅಂದರೆ ಈ ಔಷಧ ನನಗೆ ಗೊತ್ತು ಎಂದೇ ನಾನು ತಿಳಿದಿದ್ದೆ.

ಹಾಗಾಗಿ ಮೊಳಕಾಲ್ಮೂರಿನಿಂದ ಚಿಕ್ಕಮ್ಮನ ಮಗ ಫೋನ್ ಮಾಡಿ, ‘ಅಣ್ಣಾ, ನಮ್ಮ ಟಾಮಿ ಕಿವಿ ತುಂಬ ಕಜ್ಜಿ, ದೊಡ್ಡಪ್ಪನ ಹತ್ರ ಇರೋ ಮದ್ದು ತಗೊಂಬಾ’ ಎಂದಾಗ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದವನು ನಾನೇ. ಟಾಮಿ ಬೆಂಗಳೂರಿನಿಂದ ತಂದ ರಫ್ ಕಾಲೀ ಜಾತಿಯ ನಾಯಿ. ಉದ್ದ ಮೂತಿ, ಕೊರಳ ಸುತ್ತ ಬಿಳಿ ಕೂದಲು, ಬಿಳಿ ಕಾಲು. ಆ ಬಿಸಿಲಿಗೆ ಅಂಥ ಕಂಬಳಿ ಹೊತ್ತ ನಾಯಿ ಯಾಕೆ ಬೇಕಿತ್ತೋ, ಅದು ಬೇರೆ ಮಾತು.

ಲೆಕ್ಕ ತಪ್ಪಿರಲಿಲ್ಲ. ಶೇಕಡ 1ರ ದ್ರಾವಣದ ಒಂದು ಎಂಎಲ್‌ನಲ್ಲಿ 10 ಮಿಲಿಗ್ರಾಂ ಔಷಧ ಇರುತ್ತದೆ, ಅರ್ಧ ಎಂಎಲ್ ಅಂದರೆ 5. ಇಪ್ಪತ್ತು ಕಿಲೋ ತೂಗುವ ಕರಿಯನಿಗೆ ಅದು ಕಿಲೋಗೆ 250 ಮೈಕ್ರೋಗ್ರಾಂ. ಹದಿನೆಂಟು ಕಿಲೋ ಇದ್ದ ಟಾಮಿಗೆ ಸುಮಾರು 280. ನಾಯಿಯ ಕಜ್ಜಿಗೆ ಪಶುವೈದ್ಯರೂ ಹೆಚ್ಚುಕಮ್ಮಿ ಇಷ್ಟೇ ಕೊಡುತ್ತಾರೆ. ಸಾಮಾನ್ಯ ನಾಯಿ ಇದರ ಹತ್ತು ಪಟ್ಟಿನ ಹತ್ತಿರ ಹೋಗುವ ತನಕ ತಡೆದುಕೊಳ್ಳುತ್ತದೆ. ಸಂಜೆ ಸೂಜಿ ಹಾಕಿ, ಮುದ್ದೆ ಉಂಡು ಮಲಗಿದೆವು.

ನಡುರಾತ್ರಿ ಧೊಪ್ಪನೆ ಸದ್ದಾಯಿತು. ಟಾಮಿ ಮಗ್ಗದ ಗುಂಡಿಗೆ ಬಿದ್ದಿದ್ದ. ದಿನಾ ಸುತ್ತಿ ಓಡಾಡುತ್ತಿದ್ದ ಗುಂಡಿ ಅದು. ಎತ್ತಿ ನಿಲ್ಲಿಸಿದರೆ ಕುಡಿದವನಂತೆ ಹಿಂಗಾಲು ಅಡ್ಡಡ್ಡ ಹೋಗುತ್ತಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಬೆಳಗಾಗುವಷ್ಟರಲ್ಲಿ ಗೋಡೆಗೆ ಹಣೆ ಒತ್ತಿ ನಿಂತ. ಕೈ ಕಣ್ಣ ಮುಂದೆ ತಂದರೂ ರೆಪ್ಪೆ ಬಡಿಯಲಿಲ್ಲ. ‘ಶೇಂಗಾಕ್ಕೆ ಹೊಡೆದ ಎಣ್ಣೆ ನೆಕ್ಕಿರಬೇಕು’ ಎಂದರು ಚಿಕ್ಕಪ್ಪ. ಊರಲ್ಲಿ ನಾಯಿ ನಡುಗಿ ಜೊಲ್ಲು ಸುರಿಸಿದರೆ ಮೊದಲು ಬರುವ ಅನುಮಾನವೇ ಅದು.

ಪಶುವೈದ್ಯರು ಬಂದವರೇ ಟಾರ್ಚ್ ಹಿಡಿದು ಕಣ್ಣು ನೋಡಿದರು. ಬೆಳೆಗೆ ಹೊಡೆಯುವ ಆರ್ಗನೋಫಾಸ್ಫೇಟ್ ವಿಷವಾದರೆ ಕಣ್ಣಿನ ಪಾಪೆ ಸಾಮಾನ್ಯವಾಗಿ ಸಾಸಿವೆ ಕಾಳಿನಷ್ಟು ಕುಗ್ಗುತ್ತದೆ. ಟಾಮಿಯದು ಬೆಳಕು ಬಿಟ್ಟರೂ ಕುಗ್ಗದೆ ಅಗಲವಾಗಿ ತೆರೆದುಕೊಂಡಿತ್ತು. ಅವರು ನಾಯಿಯ ಮೂತಿ ನೋಡಿದರು, ಕಾಲು ನೋಡಿದರು, ಆಮೇಲೆ ನನ್ನನ್ನು ನೋಡಿ ಕೇಳಿದರು: ‘ಐವರ್‌ಮೆಕ್ಟಿನ್ ಹಾಕಿದ್ರಾ?’

ಬಿಳಿ ಕಾಲಿನ ನಾಯಿಗೆ ಈ ಮದ್ದು ಹಾಕಬೇಡ ಎಂಬ ಮಾತು ಇಂಗ್ಲಿಷಿನ ಪಶುವೈದ್ಯರಲ್ಲಿ ಗಾದೆಯಂತೆ ಬಳಕೆಯಲ್ಲಿದೆ. ಔಷಧ ಮಾರುಕಟ್ಟೆಗೆ ಬಂದ ಸ್ವಲ್ಪ ಕಾಲಕ್ಕೇ, 1980ರ ದಶಕದಲ್ಲಿ, ಕಾಲೀಗಳು ಸಾಮಾನ್ಯ ಡೋಸಿಗೇ ಬೀಳುತ್ತವೆ ಎಂದು ತಿಳಿದಿತ್ತು. ಯಾಕೆಂದು ತಿಳಿಯಲಿಲ್ಲ. ಸುಳಿವು ಸಿಕ್ಕಿದ್ದು ಇಲಿಗಳಿಂದ. ನೆದರ್‌ಲೆಂಡ್ಸ್‌ನ ಒಂದು ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ಆಲ್ಫ್ರೆಡ್ ಶಿಂಕೆಲ್ ಮತ್ತು ಸಂಗಡಿಗರು ಒಂದು ಜೀನ್ ತೆಗೆದ ಇಲಿಗಳನ್ನು ಬೆಳೆಸಿದ್ದರು. ಮೈಯ ನುಸಿ ಹೋಗಲೆಂದು ಎಲ್ಲ ಇಲಿಗಳಿಗೂ ಐವರ್‌ಮೆಕ್ಟಿನ್ ಸಿಂಪಡಿಸಿದರು. ಜೀನ್ ಇಲ್ಲದ ಇಲಿಗಳು ಸತ್ತವು. 1994ರಲ್ಲಿ ಅದು ಪ್ರಕಟವಾಯಿತು.

ಆ ಜೀನ್ ಮಾಡುವುದು ಒಂದು ಪಂಪನ್ನು. ಐವರ್‌ಮೆಕ್ಟಿನ್ ಜಂತಿನ ನರ, ಸ್ನಾಯುಗಳಲ್ಲಿರುವ ಕ್ಲೋರೈಡ್ ಬಾಗಿಲುಗಳನ್ನು ತೆರೆದು ಹಿಡಿದು ಅದನ್ನು ಲಕ್ವ ಹೊಡೆಸುತ್ತದೆ. ನಮ್ಮಲ್ಲೂ ನಾಯಿಯಲ್ಲೂ ಅದಕ್ಕೆ ಸಿಕ್ಕಬಲ್ಲ ಬಾಗಿಲುಗಳು ಮುಖ್ಯವಾಗಿ ಮಿದುಳಿನಲ್ಲಿವೆ. ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಪಿ-ಗ್ಲೈಕೋಪ್ರೋಟೀನ್ ಎಂಬ ಪಂಪು ಕೂತು, ಒಳಗೆ ಇಣುಕಿದ ಔಷಧವನ್ನು ಮತ್ತೆ ರಕ್ತಕ್ಕೇ ಎಸೆಯುತ್ತದೆ. ಅದು ಕೆಲಸ ಮಾಡುವ ತನಕ ಈ ಔಷಧ ನಮಗೆ ಸಾಧು.

ಕಾಲೀಗಳಲ್ಲಿ ಆ ಪಂಪಿನ ಜೀನು, MDR1, ಮುರಿದಿದೆ ಎಂದು ಕ್ಯಾಟ್ರಿನಾ ಮೀಲಿ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಕಳೆದುಹೋಗಿರುವುದು ನಾಲ್ಕೇ ಅಕ್ಷರ. ಜೀವಕೋಶ ಜೀನನ್ನು ಮೂರು ಮೂರು ಅಕ್ಷರವಾಗಿ ಓದುತ್ತದೆ. ‘ಕಮಲ ಸರಳ ಹವಳ ಗರಳ’ ಎಂಬಲ್ಲಿ ಮ, ಲ, ಸ, ರ ಅಳಿಸಿ ಮತ್ತೆ ಮೂರು ಮೂರಾಗಿ ಓದಿ: ‘ಕಳಹ ವಳಗ ರಳ’. ಮೂರು ಅಕ್ಷರ ಹೋಗಿದ್ದರೆ ಒಂದು ಪದಕ್ಕೆ ಮಾತ್ರ ಪೆಟ್ಟು ಬೀಳಬಹುದಿತ್ತು. ನಾಲ್ಕು ಹೋದದ್ದರಿಂದ ಮುಂದಿನದೆಲ್ಲ ಗೊಂದಲವಾಗಿ, ಸ್ವಲ್ಪ ದೂರದಲ್ಲೇ ‘ನಿಲ್ಲಿಸು’ ಎಂಬ ಗುರುತು ಎದುರಾಗಿ, ಪಂಪು ಮೊಳಕೆಯಲ್ಲೇ ನಿಂತುಬಿಡುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಮುರಿದ ಪ್ರತಿ ಪಡೆದ ನಾಯಿಗೆ ಕಿಲೋಗೆ 100 ಮೈಕ್ರೋಗ್ರಾಂ ಕೂಡ ವಿಷವಾಗಬಹುದು. ಒಂದೇ ಪ್ರತಿ ಮುರಿದಿದ್ದರೆ ಪಾಡು ನಡುವೆ ಎಲ್ಲೋ.

ಕುರಿ ಕಾಯುವ ನಾಯಿಗಳಿಗೆ ಈ ದೋಷ ಎಂದು ಓದಿದಾಗ ನನಗೆ ಮೊದಲು ಹೊಳೆದವನು ಕರಿಯ. ಅವನಿಗಿಂತ ಕುರಿ ಕಾಯುವ ನಾಯಿ ಯಾವುದಿದೆ? ರಾತ್ರಿಯೆಲ್ಲ ತೋಳಕ್ಕೆ ಬೊಗಳುವವನು ಅವನು. ಟಾಮಿ ಕುರಿಯನ್ನು ಕಂಡದ್ದೇ ಅನುಮಾನ. ಆದರೆ ಇದು ಕಸುಬಿನಿಂದ ಬರುವುದಲ್ಲ, ವಂಶದಿಂದ ಬರುವುದು. ಈ ದೋಷ ಹೊತ್ತ ತಳಿಗಳನ್ನು ಹೋಲಿಸಿ ನೋಡಿದವರು 2004ರಲ್ಲಿ, ಇದೆಲ್ಲ 1873ಕ್ಕೂ ಹಿಂದೆ ಬ್ರಿಟನ್ನಿನಲ್ಲಿದ್ದ ಒಂದೇ ನಾಯಿಯಿಂದ ಇಳಿದು ಬಂದಿರಬೇಕು ಎಂದು ತೀರ್ಮಾನಿಸಿದರು. ರಫ್ ಕಾಲೀಗಳಲ್ಲಿ ಅದು ತುಂಬಾ ಸಾಮಾನ್ಯ, ಬಾರ್ಡರ್ ಕಾಲೀಯಲ್ಲಿ ಅಪರೂಪ, ನಮ್ಮೂರುಗಳಲ್ಲಿ ಹೆಚ್ಚು ಕಾಣುವ ಜರ್ಮನ್ ಶೆಫರ್ಡ್‌ಗಳಲ್ಲಿ ಅಲ್ಲೊಂದು ಇಲ್ಲೊಂದು. ಕರಿಯನ ತಲೆಮಾರುಗಳು ಆ ಸಂಸಾರಕ್ಕೆ ಸೇರಿದವಲ್ಲ. ದೊಡ್ಡಪ್ಪನ ಅನುಭವ ಸುಳ್ಳಲ್ಲ. ಅದು ಕರಿಯನ ವಂಶದ ಅನುಭವ, ಅಷ್ಟೇ.

ಇದಕ್ಕೆ ಪ್ರತಿಮದ್ದಿಲ್ಲ. ಔಷಧ ಮೈಯಿಂದ ತಾನಾಗಿ ಇಳಿಯುವ ತನಕ ನಾಯಿಯನ್ನು ಉಳಿಸಿಕೊಳ್ಳಬೇಕು. ಎರಡನೇ ದಿನ ಟಾಮಿ ಏಳಲೇ ಇಲ್ಲ, ಕೂಗಿದರೆ ಕಿವಿ ಕೂಡ ಅಲುಗಲಿಲ್ಲ. ವೈದ್ಯರು ಗ್ಲೂಕೋಸ್ ಬಾಟಲಿ ತೂಗುಹಾಕಿದರು. ಎದೆಬಡಿತ ತುಂಬಾ ನಿಧಾನವಾದರೆ, ಉಸಿರು ಎಳೆಯುವಂತಾದರೆ ಯಾವ ಹೊತ್ತಾದರೂ ಫೋನ್ ಮಾಡಿ ಎಂದರು. ಉಳಿದದ್ದು ನಮ್ಮ ಕೆಲಸ: ಒಂದೇ ಮಗ್ಗುಲಿಗೆ ಹುಣ್ಣಾಗದಂತೆ, ಶ್ವಾಸಕೋಶದಲ್ಲಿ ನೀರು ನಿಲ್ಲದಂತೆ ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮುಚ್ಚದ ಕಣ್ಣಿಗೆ ಮುಲಾಮು ಹಚ್ಚುವುದು, ನುಂಗಲಾಗದ ಬಾಯಿಗೆ ಪ್ರೀತಿಯಿಂದಲೂ ನೀರು ಹಾಕದಿರುವುದು. ಕೊನೆಯದೇ ಕಷ್ಟ. ಚಿಕ್ಕಮ್ಮ ಚಮಚದಲ್ಲಿ ಹಾಲು ಹಿಡಿದು ಬಂದಾಗಲೆಲ್ಲ ತಡೆಯಬೇಕಾಗುತ್ತಿತ್ತು. ‘ಮದ್ದು ತಂದೋನು ನೀನು, ಹಾಲು ಬ್ಯಾಡ ಅನ್ನೋನೂ ನೀನೇ’ ಎಂದು ಒಮ್ಮೆ ಅಂದರು. ನಾನು ಉತ್ತರ ಕೊಡಲಿಲ್ಲ.

ಆರನೇ ದಿನ ಬಾಲದ ತುದಿ ಅಲುಗಿತು. ಎಂಟನೇ ದಿನ ತಲೆ ಎತ್ತಿದ. ಹನ್ನೊಂದನೇ ದಿನ ಎದ್ದು ನಿಂತು, ಗೋಡೆ ಹಿಡಿದು ಬಾಗಿಲವರೆಗೆ ಹೋಗಿ ಕೂತ. ದೃಷ್ಟಿ ಬಂತೋ ಇಲ್ಲವೋ ಎಂದು ನೋಡಲು ತಮ್ಮ ಹತ್ತಿಯ ಉಂಡೆಯೊಂದನ್ನು ಸದ್ದಿಲ್ಲದೆ ಬೀಳಿಸಿದ. ಟಾಮಿಯ ಕಣ್ಣು ಅದರ ಜೊತೆ ಕೆಳಗಿಳಿಯಿತು.

ಜೀನ್ ಪರೀಕ್ಷೆಗೆ ಕೆನ್ನೆಯ ಒಳಗಿನ ಸ್ವಲ್ಪ ಜೀವಕೋಶ ಸಾಕು, ಆದರೆ ಟಾಮಿಗೆ ನಾವದನ್ನು ಮಾಡಿಸಿಲ್ಲ. ಎರಡೂ ಪ್ರತಿ ಮುರಿದಿವೆ ಎಂದೇ ಭಾವಿಸಿ ಸಾಕುತ್ತಿದ್ದೇವೆ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನೂ ಅದೇ ಪಂಪು ಮಿದುಳಿನಿಂದ ಹೊರಗಿಡುವುದು ಎಂದು ಹೇಳಿದ ಮೇಲೆ ತಮ್ಮ ಅವನ ಚೀಟಿಯ ಮೇಲೆ ಎರಡೂ ಹೆಸರು ದಪ್ಪಗೆ ಬರೆಸಿದ್ದಾನೆ. ಉಳಿದ ಬಾಟಲಿಯನ್ನು ದೊಡ್ಡಪ್ಪನಿಗೆ ಹಿಂದಿರುಗಿಸಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: ‘ಪಕ್ಕದ ಹಟ್ಟಿಯವರ ಶೆಫರ್ಡ್ ನಾಯಿ ಹೋದ ವರ್ಷ ಹಿಂಗೇ ಗೋಡೆಗೆ ತಲೆ ಕೊಟ್ಟು ಸತ್ತಿತ್ತಲ್ಲ ಕಣಪ್ಪ. ಅದಕ್ಕೆ ಸೂಜಿ ಹಾಕಿದ್ದು ನಾನೇ.’