ಸಿಗ್ನಲ್ ಒಂದೇ ಕಡ್ಡಿ ಇದ್ದಾಗ

ಕುಬಸ ಮುಗಿಸಿಕೊಂಡು ಮುನವಳ್ಳಿಯ ತವರುಮನೆಗೆ ಬಂದು ಕುಂತಮೇಲೆ ಆಫೀಸ್ ಕೆಲಸ ಇಲ್ಲಿಂದನೇ. ಬಂದ ವಾರದಲ್ಲೇ ಅವ್ವ ಕಾನೂನು ಮಾಡಿದಳು. ಮೊಬೈಲ್ ದಿಂಬಿನ ಹತ್ತಿರ ಬ್ಯಾಡ, ಲ್ಯಾಪ್‌ಟಾಪ್ ತೊಡಿ ಮ್ಯಾಲೆ ಬ್ಯಾಡ, ಓವನ್ ಚಾಲೂ ಇದ್ರ ಅಡಿಗಿಮನಿಗೆ ಬರಬ್ಯಾಡ. "ಕೂಸಿಗೆ ರೇಡಿಯೇಷನ್ ಬಡೀತೈತಿ."

ತೊಂದರೆ ಇರೋದು ಹೆಸರಿನಲ್ಲಿ. ಎಕ್ಸ್‌ರೇ ಕೂಡ ರೇಡಿಯೇಷನ್, ಮೊಬೈಲ್ ತರಂಗ ಕೂಡ ರೇಡಿಯೇಷನ್. ಆದ್ರೆ ಎಕ್ಸ್‌ರೇಗೆ ಜೀವಕೋಶದ ಡಿಎನ್‌ಎ ಮುರಿಯುವ ಶಕ್ತಿ ಇದೆ. ಮೊಬೈಲ್, ವೈಫೈ, ಓವನ್ ತರಂಗಗಳಿಗೆ ಅದಿಲ್ಲ. ಜೋರಾಗಿದ್ರೆ ಬಿಸಿ ಮಾಡ್ತಾವ, ಅಷ್ಟೇ. ಓವನ್ ಒಳಗೆ ಆಗೋದು ಅದೇ. ಬಾಗಿಲು ಸರಿಯಾಗಿ ಮುಚ್ಚಿದ್ರೆ ಹೊರಗೆ ಬರೋದು ತೀರಾ ಕಡಿಮೆ, ಬಂದ್ ಆದಮೇಲೆ ಅನ್ನದೊಳಗೆ ಏನೂ ಉಳಿಯಂಗಿಲ್ಲ. ಸ್ಕ್ರೀನಿನಿಂದ ಬರೋದು ಬೆಳಕು.

ಅವ್ವನ ಭಯ ಗಾಳಿಯಿಂದ ಹುಟ್ಟಿದ್ದಲ್ಲ. 2008ರಲ್ಲಿ ಡೆನ್ಮಾರ್ಕ್‌ನ ಒಂದು ಅಧ್ಯಯನ, ಬಸುರಿಯಿದ್ದಾಗ ಮೊಬೈಲ್ ಬಳಸಿದವರ ಮಕ್ಕಳಲ್ಲಿ ವರ್ತನೆಯ ಸಮಸ್ಯೆ ಜಾಸ್ತಿ ಅಂತ ಹೇಳಿತ್ತು. ಆದ್ರೆ ಮೊಬೈಲ್ ಎಷ್ಟು ಬಳಸಿದ್ರಿ ಅಂತ ತಾಯಂದಿರನ್ನ ಕೇಳಿದ್ದು ಮಕ್ಕಳಿಗೆ ಏಳು ವರ್ಷ ಆದಮೇಲೆ! ಏಳು ವರ್ಷದ ಹಿಂದಿನ ಕಾಲ್‌ಗಳನ್ನ ಯಾರು ನೆನಪಿಟ್ಟಿರ್ತಾರೆ? ನಾರ್ವೆಯಲ್ಲಿ ಬಸುರಿಯಿದ್ದಾಗಲೇ ಕೇಳಿ ಬರೆದುಕೊಂಡಿದ್ದರು. ಸುಮಾರು 45,000 ತಾಯಿ-ಮಕ್ಕಳ ಆ ಲೆಕ್ಕ 2017ರಲ್ಲಿ ಬಂತು. ಮಕ್ಕಳ ಮಾತು ಕಲಿಕೆಗೆ ಮೊಬೈಲಿನಿಂದ ಹಾನಿ ಕಾಣಲಿಲ್ಲ. ಎಲ್ಲ ಪ್ರಶ್ನೆಗೂ ಇದೇ ಕೊನೆಯ ಉತ್ತರ ಅಂತ ನಾನು ಹೇಳಂಗಿಲ್ಲ, ಆದ್ರೆ ನನ್ನ ನಂಬಿಕೆ ಎರಡನೇದರ ಮೇಲೆ.

ಇಷ್ಟರ ನಡುವೆ ಯಾರೂ ಹೇಳದ ಸಂಗತಿ ಒಂದಿದೆ. ಟವರ್ ದೂರ ಇದ್ದಷ್ಟೂ, ಸಿಗ್ನಲ್ ಸಣ್ಣದಾದಷ್ಟೂ ಫೋನ್ ಹೆಚ್ಚು ಜೋರಾಗಿ ಕೂಗ್ತದೆ, ಹೊಲದ ಆ ತುದಿಗೆ ನಿಂತವರನ್ನ ಕರೆದಂಗೆ. ನಮ್ಮ ಮನೆಯ ಒಳಕೋಣೆಗೆ ದಪ್ಪ ಕಲ್ಲುಗೋಡೆ, ಅಲ್ಲಿ ಒಂದೇ ಕಡ್ಡಿ. ಜಗಲಿಯಲ್ಲಿ ನಾಲ್ಕು. ಅದೇ ಕಾಲ್ ಜಗಲಿಯಿಂದ ಮಾಡಿದ್ರೆ ಫೋನ್ ಕಡಿಮೆ ಶಕ್ತಿಯಲ್ಲಿ ಕೆಲಸ ಮುಗಿಸ್ತದೆ. ಸ್ಪೀಕರ್ ಹಾಕಿ ಮೊಳ ದೂರ ಇಟ್ರೆ ಮೈಗೆ ತಾಗೋದು ಇನ್ನೂ ಎಷ್ಟೋ ಪಾಲು ಕಡಿಮೆ. ಇಲ್ಲಿ ಮಾರುವ ಫೋನಿನ ತರಂಗ ಒಂದು ಕೆಜಿ ಮೈಗೆ 1.6 ವಾಟ್ ದಾಟಬಾರದು ಅನ್ನೋದು ಭಾರತದ ನಿಯಮ. `*#07#` ಒತ್ತಿದ್ರೆ ನಿಮ್ಮ ಫೋನಿನದು ಎಷ್ಟು ಅಂತ ತೋರಿಸ್ತದೆ. ಅದು ಪೂರ್ತಿ ಜೋರಿನಲ್ಲಿ ಅಳೆದದ್ದು.

ಬೆಂಗಳೂರಿನ ಗೆಳತಿಯೊಬ್ಬಳು ಬೆಳ್ಳಿ ದಾರದ 'ರೇಡಿಯೇಷನ್ ಏಪ್ರನ್' ಕಳಿಸಿದ್ದಳು. ಫೋನನ್ನ ಅದರ ಕೆಳಗೆ ಮುಚ್ಚಿಟ್ಟು ತಮ್ಮನಿಂದ ಕಾಲ್ ಮಾಡಿಸಿದೆ, ರಿಂಗಾಯ್ತು. ಮುಂದೆ ಮಾತ್ರ ಮುಚ್ಚುವ ಬಟ್ಟೆ, ತರಂಗ ಬದಿಯಿಂದ ಬರ್ತಾವ. ಅದನ್ನ ಈಗ ಅವ್ವ ರೊಟ್ಟಿ ಬಡಿವಾಗ ಹಾಕ್ಕೊಂತಾಳ.

ಲ್ಯಾಪ್‌ಟಾಪ್ ವಿಷಯದಲ್ಲಿ ಅವ್ವಂದೇ ಸರಿ, ಕಾರಣ ಮಾತ್ರ ಬ್ಯಾರೆ: ತಳದ ಬಿಸಿ ತೊಡೆಯ ಚರ್ಮ ಸುಡ್ತದೆ, ಬಗ್ಗಿ ಕುಂತ್ರೆ ಸೊಂಟ ಹಿಡೀತದೆ. ಅದಕ್ಕೆ ಹಳೇ ಹೊಲಿಗೆ ಮಿಷಿನ್ ಮೇಜಿನ ಮೇಲೆ ಇಟ್ಟೀನಿ. ಇನ್ನು ಎಕ್ಸ್‌ರೇ ಅಥವಾ ಸಿಟಿ ಸ್ಕ್ಯಾನ್ ಬರೆದುಕೊಟ್ರೆ, ಬಸುರಿ ಅಂತ ಮೊದಲೇ ಹೇಳ್ರಿ, ಕೇಳದಿದ್ರೂ ಹೇಳ್ರಿ.