ಅಜ್ಜಿಯ ಅಕ್ಕಪಕ್ಕ

ಚಿಕ್ಕಪ್ಪ ಫೋನು ಹಿಡಿಯುವುದು ಊದಿನಕಡ್ಡಿ ಹಿಡಿದಂತೆ, ನೆಟ್ಟಗೆ. ವಿಡಿಯೋ ತೆಗೆಯುವಾಗಲಾದರೂ ಅಡ್ಡ ಹಿಡಿಯಿರಿ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. "ಮನುಷ್ಯ ನಿಂತಿರ್ತಾನಲ್ಲೋ, ಮಲಗಿದಾಗ ಬೇಕಾದರೆ ಅಡ್ಡ ಹಿಡೀತೀನಿ" ಎನ್ನುತ್ತಿದ್ದರು. ಅಜ್ಜಿ ಮಲಗಿದ ಮೇಲೆ ಅವರು ಫೋನು ಹೊರಗೆ ತೆಗೆಯಲೇ ಇಲ್ಲ.

ಹಾಗಾಗಿ ನಮ್ಮಲ್ಲಿ ಉಳಿದಿರುವ ಅಜ್ಜಿ ಉದ್ದುದ್ದದ ಅಜ್ಜಿ. ನಲವತ್ತು ಸೆಕೆಂಡು. ಹಸಿರು ಸೀರೆಯುಟ್ಟು ಜಗಲಿಯ ಮೇಲೆ ಕೂತು ಕನಕಾಂಬರ ಕಟ್ಟುತ್ತಾರೆ, "ಸಾಕು ತೆಗೆಯೋ" ಎನ್ನುತ್ತಾರೆ, ಎದ್ದು ಬಲಕ್ಕೆ ತಿರುಗಿ ಒಳಗೆ ಹೋಗುತ್ತಾರೆ. ವರ್ಷಾಬ್ದಿಕಕ್ಕೆ ಬರುವ ನೆಂಟರಿಗೆಲ್ಲ ಟಿ.ವಿ.ಯಲ್ಲಿ ತೋರಿಸಬೇಕೆಂದು ಅಮ್ಮನ ಆಸೆ. ಹಳೆಯ ಮದುವೆ ವಿಡಿಯೋಗಳ ಜೊತೆ ಇದನ್ನೂ ಸೇರಿಸಲು 1920ಕ್ಕೆ 1080ರ ಅಗಲ ಟೈಮ್‌ಲೈನಿನಲ್ಲಿ ಇಟ್ಟೆ. ಎತ್ತರ 1080ಕ್ಕೆ ಹೊಂದುವಷ್ಟು ಕುಗ್ಗಿದ ಅಜ್ಜಿಗೆ ಸಿಕ್ಕ ಅಗಲ ಸುಮಾರು 607 ಪಿಕ್ಸೆಲ್. ಎಡಬಲಗಳಲ್ಲಿ ತಲಾ 656 ಪಿಕ್ಸೆಲ್ ಕಗ್ಗತ್ತಲು. ಪರದೆಯ ಮೂರರಲ್ಲಿ ಎರಡು ಪಾಲು ಕಪ್ಪು.

ಅಮ್ಮ ನೋಡಿದಳು. "ಇದೇನೋ, ಬಾಗಿಲು ಅರ್ಧ ಹಾಕಿದ ಹಾಗಿದೆ. ಇನ್ನೊಂಚೂರು ತೆಗಿ."

ತೆಗೆದೆ. ಅಗಲ ಪೂರಾ ತುಂಬುವ ತನಕ ಸ್ಕೇಲ್ ಹಿಗ್ಗಿಸಿದೆ; ಹೊಂದಿ ಕೂತ ಅಳತೆ ನೂರಾದರೆ 316ರ ತನಕ. ಕಪ್ಪು ಮಾಯವಾಯಿತು, ಅಜ್ಜಿಯೂ ಬಹುಪಾಲು ಮಾಯವಾದರು. ಹಾಗೆ ಹಿಗ್ಗಿಸಿದರೆ ಎತ್ತರದಲ್ಲಿ ಮೂರರಲ್ಲಿ ಒಂದು ಪಾಲಿಗೂ ಕಡಿಮೆ ಉಳಿಯುತ್ತದೆ. ಮುಖ ಇಟ್ಟುಕೊಂಡರೆ ಕೈ ಇಲ್ಲ, ಕೈ ಇಟ್ಟುಕೊಂಡರೆ ಮುಖ ಇಲ್ಲ. ಕೀಫ್ರೇಮ್ ಹಾಕಿ ಮುಖದಿಂದ ಕೈಗೆ ಮೆಲ್ಲನೆ ಇಳಿಸಿಯೂ ನೋಡಿದೆ. ಅಜ್ಜಿ ಹೂ ಕಟ್ಟುವುದು ಕೈಯಲ್ಲಿ. ಆದರೆ ಎಸಳು ಸರಿ ಕೂತಿತೋ ಇಲ್ಲವೋ ಗೊತ್ತಾಗುವುದು ತುಟಿಯ ಕೊನೆಯಲ್ಲಿ. ಎರಡೂ ಒಟ್ಟಿಗೆ ಬೇಕು. ಅದನ್ನು ಚಿಕ್ಕಪ್ಪನ ನೆಟ್ಟಗಿನ ಫೋನು ಹೇಗೋ ಹಿಡಿದಿತ್ತು. ಇದನ್ನು ಅವರಿಗೆ ನಾನು ಹೇಳಿಲ್ಲ, ಹೇಳಿದರೆ ಇನ್ನು ಫೋನು ಅಡ್ಡ ಹಿಡಿಯುವವರೇ ಅಲ್ಲ.

ಕೊನೆಗೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಅದೇ ವಿಡಿಯೋದ ಇನ್ನೊಂದು ಪ್ರತಿಯನ್ನು ಕೆಳಗಿನ ಟ್ರ್ಯಾಕಿನಲ್ಲಿಟ್ಟು, ಅದನ್ನು ಮಾತ್ರ 316ಕ್ಕೆ ಹಿಗ್ಗಿಸಿ, ಗಾಸಿಯನ್ ಬ್ಲರ್ ಹಾಕಿ ಏನೆಂದು ಗುರುತೇ ಸಿಗದಷ್ಟು ಮಸುಕು ಮಾಡಿದೆ. ಮೇಲಿನ ಅಜ್ಜಿ ಪೂರ್ತಿಯಾಗಿ, ಸ್ಪಷ್ಟವಾಗಿ ನಡುವೆ. ಅಕ್ಕಪಕ್ಕ ಅವರದೇ ಸೀರೆಯ ಹಸಿರು, ಹೂವಿನ ಕಿತ್ತಳೆ. ಮೊದಲ ಸಲ ಆ ಬಣ್ಣಗಳೇ ಕಣ್ಣು ಸೆಳೆದವು, ಅಜ್ಜಿ ಹಿಂದೆ ಸರಿದರು. ಬೆಳಕು ಅರ್ಧಕ್ಕಿಳಿಸಿದ ಮೇಲೆ ಅವು ಹಿತ್ತಲಿನಂತೆ ಸುಮ್ಮನಾದವು. ಪರದೆಯ ಅಂಚಿನಲ್ಲಿ ಇನ್ನೂ ಒಂದು ಕಪ್ಪು ಛಾಯೆ ಉಳಿದಿತ್ತು: ಬ್ಲರ್ ಚಿತ್ರದಾಚೆಯ ಖಾಲಿಯನ್ನೂ ಒಳಗೆಳೆದು ಕಲಸಿಬಿಡುತ್ತದೆ. ನನ್ನ ತಂತ್ರಾಂಶದಲ್ಲಿ Repeat Edge Pixels ಎಂಬುದಕ್ಕೆ ಗುರುತು ಹಾಕಿದೆ, ಹೋಯಿತು.

ಆದರೆ "ಸಾಕು ತೆಗೆಯೋ" ಎರಡೆರಡು ಸಲ ಕೇಳತೊಡಗಿತು. ಇದ್ದಾಗ ಒಂದು ಸಲ ಹೇಳಿದರೆ ನಾವು ಕೇಳುತ್ತಿರಲಿಲ್ಲವೆಂದೋ ಏನೋ! ಕೆಳಗಿನ ಪ್ರತಿಯೂ ತನ್ನ ದನಿಯನ್ನು ಹೊತ್ತುಕೊಂಡೇ ಬಂದಿತ್ತು. ಅದರ ಆಡಿಯೋ ಅಳಿಸಿದೆ. ಸರಿಹೋಯಿತು ಎಂದುಕೊಂಡೆ.

ವರ್ಷಾಬ್ದಿಕದ ಊಟ ಮುಗಿಸಿ ಎಲೆ ಅಡಿಕೆ ಹಿಡಿದು ಎಲ್ಲರೂ ಟಿ.ವಿ. ಮುಂದೆ ಕೂತಾಗ ನನ್ನ ತಪ್ಪು ಕಂಡಿತು. ಅಜ್ಜಿಯ ಸರದಿ ಬಂದೊಡನೆ ಅರೆಕ್ಷಣ ಅಕ್ಕಪಕ್ಕದ ಕಪ್ಪು ಮಿಂಚಿ ಹೋಯಿತು. ಕೆಳಗಿನ ಪ್ರತಿ ಹತ್ತು ಫ್ರೇಮು ಬಲಕ್ಕೆ ಜಾರಿತ್ತು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಸೆಕೆಂಡಿನ ಹತ್ತರಲ್ಲಿ ನಾಲ್ಕು ಪಾಲು. ಮಾತು ಎರಡು ಸಲ ಕೇಳಿದ್ದೂ ಅದಕ್ಕೇ. ಒಂದೇ ಗೆರೆಯಲ್ಲಿ ಇದ್ದಿದ್ದರೆ ದನಿ ಬರೀ ಜೋರಾಗುತ್ತಿತ್ತು. ನಾನು ಸದ್ದು ಅಳಿಸಿದ್ದೆ, ಜಾರಿದ್ದನ್ನು ಸರಿಸಿರಲಿಲ್ಲ.

ಯಾರೂ ಗಮನಿಸಲಿಲ್ಲ. ಚಿಕ್ಕಪ್ಪ "ನಾನೇ ತೆಗೆದದ್ದು" ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಅಜ್ಜಿ ಹೂವಿನ ಬುಟ್ಟಿ ಎತ್ತಿಕೊಂಡು ಎದ್ದರು, ನಡುವಿನ ಚೌಕಟ್ಟಿನ ಬಲ ಅಂಚನ್ನು ದಾಟಿ ಒಳಗೆ ಹೋದರು. ಜಗಲಿ ಖಾಲಿಯಾಯಿತು. ಟಿ.ವಿ.ಯ ಕೊಟ್ಟಕೊನೆಯ ಅಂಚಿನಲ್ಲಿ ಮಾತ್ರ ಸೀರೆಯ ಮಸುಕು ಹಸಿರು ಇನ್ನೊಂದು ಗಳಿಗೆ ನಿಂತು, ಆಮೇಲೆ ಹೋಯಿತು.

"ಅಗೋ, ಅಲ್ಲೇ ಇದ್ದಾರೆ" ಎಂದಳು ಅಮ್ಮ.

ಕೆಳಗಿನ ಟ್ರ್ಯಾಕನ್ನು ಹತ್ತು ಫ್ರೇಮು ಎಡಕ್ಕೆ ತಳ್ಳಿದರೆ ಸರಿಹೋಗುತ್ತದೆ. ಅರ್ಧ ನಿಮಿಷದ ಕೆಲಸ. ಇನ್ನೂ ಮಾಡಿಲ್ಲ.