ಕೆಂಪು ದೀಪ

ವಳಸಂಗದ ನಮ್ಮ ಮನೆಯಲ್ಲಿ ಮೊನ್ನೆ ಸಂಜೆ ಮಗಳು ಶಿಷ್ಯವೃತ್ತಿಯ ಅರ್ಜಿ ತುಂಬಲು ಕುಳಿತಿದ್ದಳು. ಅಂದೇ ಕೊನೆಯ ದಿನ. ಅಷ್ಟರಲ್ಲಿ, “ಅಪ್ಪಾ, ಪೆಟ್ಟಿಗ್ಯಾಗ ಕೆಂಪು ದೀಪ ಮಿಣುಕಾಕತ್ತೈತಿ” ಎಂದಳು. ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆಯಲ್ಲಿ LOS ಎಂಬ ಅಕ್ಷರಗಳ ಬಳಿ ಕೆಂಪು ಬೆಳಕು. ಹೊರಗಿನಿಂದ ಗಾಜಿನ ಎಳೆಯ ಮೂಲಕ ಬರಬೇಕಾದ ಬೆಳಕು ಸಾಲದಷ್ಟು ಕ್ಷೀಣಿಸಿದೆ, ಇಲ್ಲವೆ ಬರುತ್ತಲೇ ಇಲ್ಲ ಎಂಬುದು ಅದರ ಅರ್ಥ. ಪೆಟ್ಟಿಗೆಯನ್ನು ಆರಿಸಿ ಹೊತ್ತಿಸಿದೆ, ಫಲವಾಗಲಿಲ್ಲ.

ಆತುರದಲ್ಲಿ ಹಸಿರು ತುದಿಯ ಕನೆಕ್ಟರನ್ನು ಕಿತ್ತು, ಬಾಯಿಯಿಂದ ಊದಿ, ಬೆರಳಿನಿಂದ ಒರೆಸಿ ಮತ್ತೆ ಸಿಕ್ಕಿಸಿದೆ. ಆ ತಪ್ಪಿನ ಅರಿವು ಆಮೇಲೆ ಆಯಿತು.

ನಮ್ಮೂರಿನ ಮೊಬೈಲ್ ದುರಸ್ತಿಯ ತರುಣನನ್ನು ಕರೆದೆ. ಆತ ಮೊದಲು ಪ್ಯಾಚ್ ಕಾರ್ಡ್ ಎಂಬ ಆ ಹಳದಿ ತಂತಿಯ ದಾರಿಯನ್ನೇ ಕಣ್ಣಿನಿಂದ ಹಿಂಬಾಲಿಸಿದ. ಬೆಳಿಗ್ಗೆ ಮನೆ ಗುಡಿಸುವಾಗ ನಾವು ಸರಿಸಿದ ಕಪಾಟು ಅದನ್ನು ಗೋಡೆಗೆ ಒತ್ತಿ ಮಡಚಿತ್ತು. ನೀರಿನ ನಳಿಕೆ ಮಡಚಿದರೆ ನೀರು ನಿಲ್ಲುತ್ತದೆ; ಗಾಜಿನ ಎಳೆ ಬಿಗಿಯಾಗಿ ಬಾಗಿದರೆ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ಸಾಮಾನ್ಯ ತಂತಿಯ ಬಾಗು ಸುಮಾರು 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕದಾಗಬಾರದೆಂದು ಆತ ಹೇಳಿದ. ಕಪಾಟು ಸರಿಸಿ ತಂತಿಯನ್ನು ಅಗಲವಾದ ಸುರುಳಿಯಾಗಿ ಬಿಟ್ಟೆವು. ಗಾಜು ಒಳಗೆ ಮುರಿದಿದ್ದರೆ ತಂತಿಯನ್ನೇ ಬದಲಿಸಬೇಕಾಗುತ್ತಿತ್ತು.

ಆದರೂ ಕೆಂಪು ಹೋಗಲಿಲ್ಲ. “ತುದಿ ಮುಟ್ಟಿದ್ರೇನ್ರಿ?” ಎಂದು ಕೇಳಿದ. ತಲೆ ತಗ್ಗಿಸಿದೆ. ಬೆಳಕು ಹರಿಯುವ ಗಾಜಿನ ತಿರುಳು ಕೇವಲ 9 ಮೈಕ್ರಾನ್ ಅಗಲ. ನಮ್ಮ ಕೂದಲು ಅದಕ್ಕಿಂತ ಹಲವು ಪಟ್ಟು ದಪ್ಪ. ಬೆರಳಿನ ಜಿಡ್ಡು, ಉಸಿರಿನ ತೇವ ಅದನ್ನು ಮುಚ್ಚಲು ಸಾಕು.

ಆತ ಕನೆಕ್ಟರ್ ಬಿಚ್ಚಿದ. ತುದಿಯೊಳಗೆ ಇಣುಕಕೂಡದೆಂದು ಎಚ್ಚರಿಸಿದ: ಅಲ್ಲಿನ ಬೆಳಕು ಕಣ್ಣಿಗೆ ಕಾಣದು, ನಮ್ಮ ಪೆಟ್ಟಿಗೆ ಆರಿಸಿದರೂ ಅದು ಆಚೆಯಿಂದ ಬರುತ್ತಲೇ ಇರಬಹುದು. ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಹಾಕಿ, ಬಿಳಿಯ ತುದಿಯನ್ನು ಒಂದೇ ದಿಕ್ಕಿಗೆ ಎಳೆದ. ಬಳಿಕ ಒಣ ಭಾಗದಲ್ಲಿ ಮತ್ತೊಮ್ಮೆ. ಒಮ್ಮೆ ತಾಗಿದ ಜಾಗವನ್ನು ಮತ್ತೆ ಬಳಸಲಿಲ್ಲ. ಗಾಡಿಯಲ್ಲಿ ಕೂಡಿಸಿದಂತೆ ‘ಟಕ್’ ಎನ್ನುವವರೆಗೆ ಒತ್ತಿದ. ಸ್ವಲ್ಪ ಹೊತ್ತಿಗೆ ಕೆಂಪು ಆರಿತು. PON ದೀಪ ಹಸಿರಾಗಿ ನಿಂತಿತು.

ಇಷ್ಟಾದರೂ ಕೆಂಪು ಉಳಿದರೆ ದೋಷ ಹೊರಗಿನ ಕಂಬದ ತಂತಿಯಲ್ಲಿರಬಹುದು. ಆಗ ಬೆಳಕಿನ ಪ್ರಮಾಣ ಅಳೆಯುವ ಮೀಟರ್ ಹಿಡಿದು ಕಂಪನಿಯವರೇ ಬರಬೇಕು. ನಮ್ಮ ದೋಷ ಮಾತ್ರ ಮನೆಯೊಳಗೇ ಇತ್ತು: ಒಂದು ಕಪಾಟಿನದು, ಇನ್ನೊಂದು ನನ್ನ ಬೆರಳಿನದು. ರಾತ್ರಿ ಹತ್ತಕ್ಕೆ ಅರ್ಜಿ ಹೋಯಿತು.